ಓಎಂಆರ್ ಫೋಟೊದಿಂದ ಅಂಕ ಲೆಕ್ಕ ಹಾಕುವವರಿಗೆ

ಧಾರವಾಡದ ಸಪ್ತಾಪುರದಲ್ಲಿ ಮಾದರಿ ಪರೀಕ್ಷೆ ಬರೆದು ಓಎಂಆರ್ ಹಾಳೆಯ ಫೋಟೊ ಇಟ್ಟುಕೊಂಡವರು, ಕೀ ಉತ್ತರಗಳೊಂದಿಗೆ ತಾಳೆ ನೋಡುವ ಮೊದಲು ಎರಡರ ಸರಣಿಯೂ ಒಂದೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಓರೆಯಾಗಿ ತೆಗೆದ ಫೋಟೊದಲ್ಲಿ ಕಣ್ಣು ಪಕ್ಕದ ಸಾಲಿಗೆ ಜಾರುವುದರಿಂದ, ಮೊದಲು ಉತ್ತರಗಳನ್ನು ಕಾಗದಕ್ಕಿಳಿಸಿ, ಸರಿ, ತಪ್ಪು, ಖಾಲಿ ಎಂದು ವಿಷಯವಾರು ಎಣಿಸಿ. ಒಂದು ಅಂಕದ ಪ್ರಶ್ನೆಗೆ ತಪ್ಪಾದರೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ, ಇತಿಹಾಸದ 20 ಪ್ರಶ್ನೆಗಳಲ್ಲಿ 12 ಸರಿ, 8 ತಪ್ಪಾದರೆ ಸಿಗುವುದು 10 ಅಂಕ. ಅರ್ಥಶಾಸ್ತ್ರದ 20ರಲ್ಲಿ 10 ಸರಿ, 10 ಖಾಲಿಯಾದರೂ ಅಷ್ಟೇ. ಮೊದಲನೆಯದರಲ್ಲಿ ಅರೆಬರೆ ನೆನಪಿನಿಂದ ಊಹಿಸಿರುವ ಸಾಧ್ಯತೆ ಹೆಚ್ಚಾದ್ದರಿಂದ ಪುನರಾವರ್ತನೆ ಬೇಕು. ಎರಡನೆಯದರಲ್ಲಿ ಬಹುಶಃ ಪಾಠವನ್ನೇ ಓದಿಲ್ಲ. ಮೂರು-ನಾಲ್ಕೇ ಪ್ರಶ್ನೆಗಳಿರುವ ವಿಷಯವನ್ನು ಮಾತ್ರ ಒಂದೇ ಪರೀಕ್ಷೆ ನೋಡಿ ದುರ್ಬಲವೆಂದು ಗುರುತಿಸಬೇಡಿ.