ವೈರಸ್ ಇರಲಿಲ್ಲ, ನಾನೇ ಒತ್ತಿದ್ದ Allow ಇತ್ತು

ಎರಡು ದಿನದಿಂದ ನನ್ನ ಲ್ಯಾಪ್‌ಟಾಪ್‌ನ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ, ಈಗಲೇ ಸರಿಪಡಿಸಿ’ ಎಂಬ ಸಂದೇಶ ಬರುತ್ತಲೇ ಇತ್ತು. ತುಂಬಾ ಭಯವಾಯಿತು. ಆಂಟಿವೈರಸ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿದೆ. ಏನೂ ಸಿಗಲಿಲ್ಲ.

ಆಮೇಲೆ ಆ ಸಂದೇಶವನ್ನೇ ಸರಿಯಾಗಿ ನೋಡಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಕ್ರೋಮ್ ಹೆಸರು, ಪಕ್ಕದಲ್ಲಿ ಗುರುತಿಲ್ಲದ ಒಂದು ವೆಬ್‌ಸೈಟ್ ವಿಳಾಸ. ಅಂದರೆ ಎಚ್ಚರಿಸುತ್ತಿದ್ದದ್ದು ಕಂಪ್ಯೂಟರ್ ಅಲ್ಲ, ಯಾವುದೋ ಸೈಟ್. ಆಗ ನೆನಪಾಯಿತು. ಒಂದು ವಿಡಿಯೋ ಹುಡುಕುವಾಗ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು Allow ಒತ್ತಿ’ ಎಂದು ಪುಟದಲ್ಲಿ ಬರೆದಿತ್ತು. ನಾನು ಒತ್ತಿದ್ದೆ.

ನಿಜವಾದ ರೋಬೋಟ್ ಪರೀಕ್ಷೆ ಪುಟದೊಳಗೇ ನಡೆಯುತ್ತದೆ, ಅದಕ್ಕೆ ನೋಟಿಫಿಕೇಶನ್ ಅನುಮತಿ ಬೇಕಾಗುವುದೇ ಇಲ್ಲ. ಒಮ್ಮೆ ಅನುಮತಿ ಕೊಟ್ಟರೆ ಆ ಪುಟ ಮುಚ್ಚಿದ ಮೇಲೂ ಸೈಟ್ ಸಂದೇಶ ಕಳಿಸಬಹುದು. ಇದು ಬ್ರೌಸರ್‌ನ ಒಂದು ಸೆಟ್ಟಿಂಗ್ ಅಷ್ಟೇ, ಅದಕ್ಕೇ ಸ್ಕ್ಯಾನ್‌ನಲ್ಲಿ ಸಿಕ್ಕಿರಲಿಲ್ಲ.

ಸದ್ಯ, ಆ ಸಂದೇಶದ ಮೇಲೆ ನಾನು ಕ್ಲಿಕ್ ಮಾಡಿರಲಿಲ್ಲ. ಮಾಡಿದ್ದರೆ ನಕಲಿ ಆಂಟಿವೈರಸ್ ಮಾರುವ ಪುಟಕ್ಕೋ, ಕಾರ್ಡ್ ನಂಬರ್ ಕೇಳುವ ಪುಟಕ್ಕೋ ಹೋಗುತ್ತಿದ್ದೆನೇನೋ. ಕ್ರೋಮ್‌ನ ವಿಳಾಸ ಪಟ್ಟಿಯಲ್ಲಿ ಇದನ್ನು ಟೈಪ್ ಮಾಡಿದೆ:

```
chrome://settings/content/notifications
```

ಅನುಮತಿ ಪಡೆದ ಸೈಟ್‌ಗಳ ಪಟ್ಟಿಯಲ್ಲಿ ಅದೇ ವಿಳಾಸವಿತ್ತು. ಪಕ್ಕದ ಮೂರು ಚುಕ್ಕೆ ಒತ್ತಿ Block ಆರಿಸಿದೆ. Remove ಒತ್ತಿದ್ದರೆ ಆ ಸೈಟ್ ಮತ್ತೆ ಅನುಮತಿ ಕೇಳಬಹುದಿತ್ತು, ಅದಕ್ಕೇ Block. ಅಲ್ಲೇ ಯಾವ ಸೈಟೂ ನೋಟಿಫಿಕೇಶನ್ ಕೇಳದಂತೆಯೂ ಮಾಡಿಬಿಟ್ಟೆ. ಸಂದೇಶಗಳು ಅವತ್ತೇ ನಿಂತವು.