ಜಾಥಾ ಹೋದ ಬೂತಿನಲ್ಲೇ ಮತದಾನ ಯಾಕೆ ಕಡಿಮೆ?

2023ರ ವಿಧಾನಸಭಾ ಚುನಾವಣೆ ಮುಗಿದ ಮೇಲೆ ಹಾಸನ ಜಿಲ್ಲೆಯ ಒಂದು ಕ್ಷೇತ್ರದ ಎಲ್ಲ ಬೂತುಗಳ ಲೆಕ್ಕವನ್ನು ನಾನು ಒಂದೇ ಹಾಳೆಗೆ ಇಳಿಸಿದೆ. ನಮ್ಮ ಗೆಳೆಯರ ಗುಂಪಿಗೆ ತಿಳಿಯಬೇಕಿದ್ದದ್ದು ಒಂದೇ ಮಾತು. ಮತದಾರರ ಜಾಗೃತಿ ಕಾರ್ಯಕ್ರಮ ನಡೆದ ಕಡೆ ಮತದಾನ ಜಾಸ್ತಿ ಆಯ್ತಾ? ಚುನಾವಣಾ ಆಯೋಗ 2009ರಿಂದ ‘ಸ್ವೀಪ್’ ಹೆಸರಿನಲ್ಲಿ ಈ ಕೆಲಸ ನಡೆಸುತ್ತಿದೆ. ಜಾಥಾ, ಬೀದಿ ನಾಟಕ, ರಂಗೋಲಿ ಸ್ಪರ್ಧೆ, ಕಾಲೇಜು ಹುಡುಗರ ಬೈಕ್ ರ್‍ಯಾಲಿ, ಇವೆಲ್ಲ ನೀವೂ ನೋಡಿರುತ್ತೀರಿ.

ಮಾಹಿತಿ ಸೇರಿಸುವುದೇ ದೊಡ್ಡ ಕೆಲಸವಾಯಿತು. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎನ್ನುವುದು ಫಾರಂ 20ರಲ್ಲಿ ಇರುತ್ತದೆ. ಆದರೆ ಆ ಬೂತಿನಲ್ಲಿ ಒಟ್ಟು ಎಷ್ಟು ಮತದಾರರಿದ್ದರು ಎನ್ನುವುದನ್ನು ಮತದಾರರ ಪಟ್ಟಿಯಿಂದ ತೆಗೆದು ಪಕ್ಕದಲ್ಲಿ ಕೂರಿಸಬೇಕು. ಅಂಚೆ ಮತ ಬೂತಿಗೆ ಸೇರುವುದಿಲ್ಲ, ಅದರ ಲೆಕ್ಕ ಬೇರೆ. ಹೋಲಿಕೆಗೆ 2018ರ ಅಂಕಿಯೂ ಬೇಕಿತ್ತು, ಆದರೆ ಈ ಎರಡು ಚುನಾವಣೆಗಳ ನಡುವೆ ಕೆಲವು ಬೂತುಗಳು ಒಡೆದು ಎರಡಾಗಿ, ಅಲ್ಲಿಂದ ಮುಂದಿನ ಬೂತುಗಳ ಸಂಖ್ಯೆಯೆಲ್ಲ ಬದಲಾಗಿತ್ತು. ಹಾಗಾಗಿ ಸಂಖ್ಯೆ ನೋಡಿ ಹೊಂದಿಸಿದರೆ ಒಂದೂರಿನ ಮತ ಇನ್ನೊಂದೂರಿಗೆ ಹೋಗುತ್ತದೆ. ಶಾಲೆಯ ಹೆಸರು, ಕೊಠಡಿಯ ದಿಕ್ಕು ನೋಡಿ ಒಂದೊಂದಾಗಿ ಕೈಯಲ್ಲೇ ಹೊಂದಿಸಿದೆ.

ಆಮೇಲೆ ರಿಗ್ರೆಶನ್ ಓಡಿಸಿದೆ. ಒಂದು ಸಂಗತಿ ಬದಲಾದರೆ ಇನ್ನೊಂದು ಎಷ್ಟು ಬದಲಾಗಿ ಕಾಣುತ್ತದೆ ಎಂದು ಅಳೆಯುವ ಲೆಕ್ಕ ಅದು. ಉತ್ತರ ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕಾರ್ಯಕ್ರಮ ನಡೆದ ಬೂತುಗಳಲ್ಲಿ ಮತದಾನ ಕಡಿಮೆ! ಅದೂ ಸಣ್ಣ ಅಂತರವಲ್ಲ.

ನಿಜವಾದ ಹಾಳೆಯಲ್ಲಿ ಗೊಂದಲ ಜಾಸ್ತಿ. ಹಾಗಾಗಿ ಅದೇ ಆಕಾರದ 200 ಬೂತುಗಳನ್ನು ನಾನೇ ಕಟ್ಟಿ ಇಲ್ಲಿ ತೋರಿಸುತ್ತೇನೆ. ಇವು ಯಾವ ಊರಿನ ಅಂಕಿಗಳೂ ಅಲ್ಲ, ಲೆಕ್ಕ ಕಣ್ಣಿಗೆ ಕಾಣಲಿ ಎಂದು ಮಾಡಿಕೊಂಡವು. 80 ಬೂತಿನಲ್ಲಿ ಕಾರ್ಯಕ್ರಮ ನಡೆದಿದೆ, ಅಲ್ಲಿನ ಸರಾಸರಿ ಮತದಾನ ಶೇ. 64.5. ಉಳಿದ 120ರಲ್ಲಿ ನಡೆದಿಲ್ಲ, ಅಲ್ಲಿ ಶೇ. 73. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ `R` ಭಾಷೆಯಲ್ಲಿ ನಾನು ಬರೆದ ಸಾಲು ಇದು:

```r
lm(matadana ~ jagruti, data = booth)
# (Intercept) 73.0   jagruti -8.5
```

`jagruti` ಎಂದರೆ ಕಾರ್ಯಕ್ರಮ ನಡೆದಿದ್ದರೆ 1, ಇಲ್ಲದಿದ್ದರೆ 0. ಅದರ ಮುಂದೆ -8.5 ಎಂದು ಬಂದಿದೆ. ಇದನ್ನು ನೋಡಿ ‘ಜಾಥಾ ಮಾಡಿದ್ದರಿಂದ ಮತದಾನ ಎಂಟೂವರೆ ಅಂಶ ಕುಸಿಯಿತು’ ಎಂದು ಬರೆದರೆ ಅದು ಪತ್ರಿಕೆಗೆ ಒಳ್ಳೇ ತಲೆಬರಹ. ಆದರೆ ಆ ಸಂಖ್ಯೆ ಹೇಳುತ್ತಿರುವುದು ಎರಡು ಗುಂಪುಗಳ ನಡುವೆ ಇಷ್ಟು ವ್ಯತ್ಯಾಸ ಇದೆ ಎಂದಷ್ಟೇ. ಯಾಕಿದೆ ಎಂದು ಅದು ಹೇಳುತ್ತಿಲ್ಲ.

ಯಾಕೆ ಎಂದು ನನಗೆ ಹೊಳೆದದ್ದು ಒಬ್ಬ ಬಿಎಲ್‌ಒ ಜೊತೆ ಮಾತಾಡಿದಾಗ. ಪೇಟೆಯ ಒಂದು ವಾರ್ಡಿನ ಅಂಗನವಾಡಿ ಶಿಕ್ಷಕಿ ಅವರು. ಬಹಳ ವರ್ಷದಿಂದ ಬೂತ್ ಮಟ್ಟದ ಕೆಲಸ ನೋಡಿದವರು. ನಾನು ಅಂಕಿ ತೋರಿಸಿ, “ಮೇಡಂ, ನಿಮ್ಮ ಕಡೆ ಜಾಥಾ ಆದರೂ ಮತ ಬಿದ್ದಿಲ್ಲವಲ್ಲ?” ಅಂದೆ.

“ಅಲ್ಲಪ್ಪಾ, ಕಳೆದ ಸಲ ಮತ ಕಡಿಮೆ ಬಿದ್ದಿತ್ತು ಅಂತ ತಾನೆ ನಮ್ಮಲ್ಲಿ ಜಾಥಾ ಮಾಡಿದ್ದು? ಚೆನ್ನಾಗಿ ಮತ ಹಾಕೋ ಹಳ್ಳಿಗೆ ಹೋಗಿ ಏನು ಹೇಳ್ತಾರೆ?” ಅಂದರು.

ಅಷ್ಟೇ ವಿಷಯ. ಕಾರ್ಯಕ್ರಮ ಎಲ್ಲಿ ನಡೆಯಬೇಕು ಎಂದು ಯಾರೂ ಕಣ್ಣು ಮುಚ್ಚಿ ಆರಿಸಿರಲಿಲ್ಲ. ಹಿಂದಿನ ಸಲ ಮತ ಕಡಿಮೆ ಬಿದ್ದ ಕಡೆ ಆರಿಸಿದ್ದರು. ಅಂಥ ಬೂತುಗಳು ಹೆಚ್ಚಾಗಿ ಪೇಟೆಯಲ್ಲಿದ್ದವು. ಪೇಟೆ ಎನ್ನುವುದು ಎರಡು ಕಡೆ ಕೈ ಹಾಕಿತ್ತು. ಪೇಟೆ ಆದ್ದರಿಂದ ಜಾಥಾ ಬಂತು, ಪೇಟೆ ಆದ್ದರಿಂದಲೇ ಮತದಾನವೂ ಕಡಿಮೆ. ಹೀಗೆ ಎರಡರ ಹಿಂದೆಯೂ ನಿಂತ ಕಾರಣವನ್ನು ಸಂಖ್ಯಾಶಾಸ್ತ್ರದಲ್ಲಿ ಕನ್‌ಫೌಂಡರ್ ಎನ್ನುತ್ತಾರೆ.

ನಾನು ಕಟ್ಟಿದ ಬೂತುಗಳನ್ನು ಈಗ ಪೇಟೆ, ಹಳ್ಳಿ ಎಂದು ಬಿಡಿಸಿ. ಪೇಟೆಯಲ್ಲಿ 80 ಬೂತು, ಅವುಗಳಲ್ಲಿ 60ಕ್ಕೆ ಕಾರ್ಯಕ್ರಮ ಹೋಗಿದೆ. ಕಾರ್ಯಕ್ರಮ ಹೋದ ಕಡೆ ಶೇ. 60 ಮತದಾನ, ಹೋಗದ ಕಡೆ 58. ಹಳ್ಳಿಯಲ್ಲಿ 120 ಬೂತು, ಕಾರ್ಯಕ್ರಮ ಹೋಗಿದ್ದು 20ಕ್ಕೆ ಮಾತ್ರ. ಹೋದ ಕಡೆ 78, ಹೋಗದ ಕಡೆ 76. ಪೇಟೆಯಲ್ಲೂ ಎರಡು ಅಂಶ ಜಾಸ್ತಿ, ಹಳ್ಳಿಯಲ್ಲೂ ಎರಡು ಅಂಶ ಜಾಸ್ತಿ. ಒಟ್ಟು ಸೇರಿಸಿದರೆ ಎಂಟೂವರೆ ಅಂಶ ಕಡಿಮೆ! ನಂಬಿಕೆ ಬರದಿದ್ದರೆ ಕಾಗದದಲ್ಲಿ ಒಮ್ಮೆ ಮಾಡಿ ನೋಡಿ, ಐದು ನಿಮಿಷದ ಕೆಲಸ. ಪೇಟೆಯಾದರೆ 1, ಹಳ್ಳಿಯಾದರೆ 0 ಎಂದು `pete` ಸೇರಿಸಿ ಓಡಿಸಿದರೆ ಹೀಗೆ ಬರುತ್ತದೆ:

```r
lm(matadana ~ jagruti + pete, data = booth)
# (Intercept) 76   jagruti 2   pete -18
```

-8.5 ಎಲ್ಲಿಂದ ಬಂತು ಎನ್ನುವುದನ್ನೂ ಲೆಕ್ಕ ಹಾಕಬಹುದು. ಕಾರ್ಯಕ್ರಮ ನಡೆದ ಬೂತುಗಳಲ್ಲಿ ನೂರಕ್ಕೆ 75 ಪೇಟೆಯವು. ನಡೆಯದ ಬೂತುಗಳಲ್ಲಿ ಪೇಟೆಯವು ಆರರಲ್ಲಿ ಒಂದು ಪಾಲು. ಈ ಎರಡು ಪಾಲುಗಳ ವ್ಯತ್ಯಾಸ ಸುಮಾರು 0.583. ಪೇಟೆಯ ಪರಿಣಾಮ -18. ಎರಡನ್ನೂ ಗುಣಿಸಿದರೆ -10.5. ನಿಜವಾದ ಪರಿಣಾಮ +2, ಅದಕ್ಕೆ ಈ -10.5 ಸೇರಿ -8.5 ಆಯಿತು. ಈ ಲೆಕ್ಕ ನನಗೆ ತುಂಬಾ ಇಷ್ಟ. ಬಿಟ್ಟುಹೋದ ಕಾರಣ ಉತ್ತರವನ್ನು ಯಾವ ದಿಕ್ಕಿಗೆ, ಎಷ್ಟು ದೂರ ಎಳೆಯುತ್ತದೆ ಎನ್ನುವುದು ಇದರಿಂದ ಮೊದಲೇ ಗೊತ್ತಾಗುತ್ತದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅದೇ ಮೇಡಂ ತಮ್ಮ ಎಎಸ್‌ಡಿ ಪಟ್ಟಿ ತೆಗೆದು ತೋರಿಸಿದರು. ಊರಲ್ಲಿಲ್ಲದವರು, ಬೇರೆ ಕಡೆ ಹೋದವರು, ತೀರಿಕೊಂಡವರು, ಇವರ ಹೆಸರಿನ ಪಟ್ಟಿ ಅದು. ಬಾಡಿಗೆ ಮನೆಗಳು ಜಾಸ್ತಿ ಇರುವ ಬೀದಿ. ಒಂದೇ ಮನೆ ನಂಬರಿನ ಕೆಳಗೆ ಮೂರು ಬೇರೆ ಬೇರೆ ಸಂಸಾರದ ಹೆಸರು. ಅದರಲ್ಲಿ ಎರಡು ಸಂಸಾರ ಬೆಂಗಳೂರಿಗೆ ಹೋಗಿ ವರ್ಷಗಳಾಗಿದ್ದವು. ಅವರು ಮತ ಹಾಕಲಿಲ್ಲ ನಿಜ, ಆದರೆ ಅದು ಉದಾಸೀನ ಅಲ್ವಲ್ಲ.

ಒಂದು ಬೂತಿನ ಪಟ್ಟಿಯಲ್ಲಿ 1,000 ಹೆಸರಿದ್ದು 600 ಮತ ಬಿದ್ದರೆ ಶೇ. 60. ಆ ಸಾವಿರದಲ್ಲಿ 150 ಜನ ಊರಲ್ಲೇ ಇಲ್ಲದಿದ್ದರೆ, ಇರುವ 850 ಜನರಲ್ಲಿ 600 ಎಂದರೆ ಶೇ. 70ಕ್ಕಿಂತ ಜಾಸ್ತಿ. ಪೇಟೆಯವರು ಮತ ಹಾಕುವುದಿಲ್ಲ ಎಂಬ ಮಾತಿನಲ್ಲಿ ಒಂದು ಪಾಲು ಪಟ್ಟಿಯ ಕಥೆ.

ಇದು ನನ್ನ +2ಕ್ಕೂ ಕುತ್ತು ತಂದಿತು. ಕಾರ್ಯಕ್ರಮದ ಜೊತೆಗೇ ಮನೆ ಮನೆಗೆ ಹೋಗಿ ಪಟ್ಟಿ ಸರಿ ಮಾಡಿದ್ದರೆ? 1,000ದಲ್ಲಿ 50 ಹೆಸರು ತೆಗೆದರೂ ಅದೇ 600 ಮತ ಶೇ. 63 ಆಗುತ್ತದೆ. ಹೊಸದಾಗಿ ಒಬ್ಬರೂ ಬೂತಿಗೆ ಬಂದಿಲ್ಲ, ಮತದಾನ ಮಾತ್ರ ಮೂರು ಅಂಶ ಏರಿತು. ಆಗಿನಿಂದ ನಾನು ಶೇಕಡಾವಾರು ಒಂದನ್ನೇ ನೋಡುವುದಿಲ್ಲ. ಬಿದ್ದ ಮತಗಳ ಸಂಖ್ಯೆಯನ್ನೂ ಬೇರೆಯಾಗಿ ನೋಡುತ್ತೇನೆ. ಶೇಕಡಾ ಏರಿ, ಮತದ ಸಂಖ್ಯೆ ಅಲ್ಲೇ ನಿಂತಿದ್ದರೆ ಬದಲಾದದ್ದು ಪಟ್ಟಿ.

ಇನ್ನೊಂದು ಕಡೆ ಎಡವಿದ್ದು ಹೇಳಬೇಕು. ಪೇಟೆ ಸೇರಿಸಿದ್ದರಿಂದ ಉತ್ತರ ಸರಿಹೋಯಿತಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸೋಣ ಎಂದು ಹೊರಟೆ. ಹೊಸದಾಗಿ ನೋಂದಾಯಿಸಿದ ಯುವ ಮತದಾರರ ಸಂಖ್ಯೆ ಸಿಕ್ಕಿತು, ಅದನ್ನೂ ಹಾಕಿದೆ. ಕಾರ್ಯಕ್ರಮದ ಪರಿಣಾಮ ಸೊನ್ನೆಯ ಹತ್ತಿರ ಬಂತು. ಕಾರಣ ಆಮೇಲೆ ತಿಳಿಯಿತು. ಕಾಲೇಜಿನಲ್ಲಿ ಕಾರ್ಯಕ್ರಮ ಮಾಡಿದ್ದರಿಂದಲೇ ಆ ಹುಡುಗರು ಹೆಸರು ಸೇರಿಸಿದ್ದು, ಸೇರಿಸಿದ್ದರಿಂದಲೇ ಮತ ಹಾಕಿದ್ದು. ಕಾರ್ಯಕ್ರಮ ಕೆಲಸ ಮಾಡುವ ದಾರಿಯನ್ನೇ ನಾನು ಮುಚ್ಚಿಬಿಟ್ಟಿದ್ದೆ. ಹಾಗಾಗಿ ಈಗ ಕಾರ್ಯಕ್ರಮ ಶುರುವಾಗುವ ಮೊದಲೇ ಇದ್ದ ಸಂಗತಿಗಳನ್ನು ಮಾತ್ರ ಸೇರಿಸುತ್ತೇನೆ. ಪೇಟೆಯೋ ಹಳ್ಳಿಯೋ, ಹಿಂದಿನ ಸಲದ ಮತದಾನ ಎಷ್ಟು, ಪಟ್ಟಿಯಲ್ಲಿ ಮೊದಲೇ ಎಷ್ಟು ಹೆಸರಿತ್ತು, ಅಷ್ಟೇ.

“ಇಷ್ಟೆಲ್ಲ ಯಾಕೆ, 2018ಕ್ಕೂ 2023ಕ್ಕೂ ಹೋಲಿಸಿದರೆ ಸಾಕಲ್ವಾ?” ಎಂದು ಗೆಳೆಯನೊಬ್ಬ ಕೇಳಿದ. ಸಾಕಾಗುವುದಿಲ್ಲ. ರಸ್ತೆ ಆಗಿಲ್ಲ ಎಂದು ಒಂದೂರಿನವರು ಹಿಂದಿನ ಸಲ ಮತದಾನ ಬಹಿಷ್ಕಾರ ಮಾಡಿದರು ಎಂದುಕೊಳ್ಳಿ. ಆ ಬೂತು ಕಡಿಮೆ ಮತದಾನದ ಪಟ್ಟಿಗೆ ಬಂದೇ ಬರುತ್ತದೆ, ಜಾಥಾವೂ ಹೋಗುತ್ತದೆ. ಈ ಸಲ ರಸ್ತೆ ಆಯಿತು, ಊರೆಲ್ಲ ಬಂದು ಮತ ಹಾಕಿತು. ಜಾಥಾ ಹೋಗದಿದ್ದರೂ ಹಾಕುತ್ತಿತ್ತು. ತೀರಾ ಕೆಳಗಿರುವ ಬೂತುಗಳನ್ನು ಆರಿಸಿದಾಗ ಹೀಗೆ ತಾನಾಗಿ ಮೇಲೆ ಬರುವವು ಕೆಲವು ಇದ್ದೇ ಇರುತ್ತವೆ. ಮೊದಲು ಮತ್ತು ಆಮೇಲೆ ಎಂದು ಹೋಲಿಸಿದರೆ ಆ ಏರಿಕೆ ಎಲ್ಲ ಜಾಥಾದ ಖಾತೆಗೆ ಹೋಗುತ್ತದೆ.

ಈ ತೊಡಕು ಪೂರ್ತಿ ಬಿಡಿಸುವುದು ಚೀಟಿ ಎತ್ತುವುದೊಂದೇ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2006ರ ಪ್ರಾಥಮಿಕ ಚುನಾವಣೆಯ ಹೊತ್ತಿಗೆ ಗರ್ಬರ್, ಗ್ರೀನ್, ಲಾರಿಮರ್ ಎಂಬ ಸಂಶೋಧಕರು ಹಾಗೆ ಮಾಡಿದರು. ಯಾವ ಮನೆಗೆ ಪತ್ರ ಹೋಗಬೇಕು ಎನ್ನುವುದನ್ನು ಲಾಟರಿಯಂತೆ ಆರಿಸಿದರು. ಮನೆಯವರು, ನೆರೆಹೊರೆಯವರು ಹಿಂದೆ ಮತ ಹಾಕಿದ್ದರೋ ಇಲ್ಲವೋ ಎನ್ನುವುದು ಒಂದು ಬಗೆಯ ಪತ್ರದಲ್ಲಿತ್ತು. ಪತ್ರ ಬರದವರಲ್ಲಿ ಶೇ. 29.7 ಜನ ಮತ ಹಾಕಿದರೆ, ಆ ಪತ್ರ ಹೋದವರಲ್ಲಿ ಶೇ. 37.8. ಅಲ್ಲಿ ಪೇಟೆ, ಹಳ್ಳಿ, ವಯಸ್ಸು ಯಾವುದೂ ಅಡ್ಡ ಬರಲಿಲ್ಲ. ಎರಡು ಗುಂಪಿಗೂ ಎಲ್ಲ ಬಗೆಯವರೂ ಸಮನಾಗಿ ಹಂಚಿಹೋಗಿದ್ದರು.

ನಮ್ಮಲ್ಲಿ ಯಾರೂ ಚೀಟಿ ಎತ್ತಿರಲಿಲ್ಲ. ನನಗೆ ಸಿಕ್ಕ ಹತ್ತಿರದ ದಾರಿ ಎಂದರೆ ಪಟ್ಟಿಯ ಗಡಿ. ಬೂತುಗಳನ್ನು ಹಿಂದಿನ ಮತದಾನದ ಪ್ರಕಾರ ಸಾಲಾಗಿ ಇಟ್ಟು ಕೆಳಗಿನವನ್ನು ಆರಿಸಿದ್ದರು. ಗಡಿಯ ಈಚೆ ಇದ್ದು ಕಾರ್ಯಕ್ರಮ ಸಿಕ್ಕ ಬೂತಿಗೂ, ಸ್ವಲ್ಪದರಲ್ಲಿ ತಪ್ಪಿಹೋದ ಆಚೆಯ ಬೂತಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅವುಗಳನ್ನಷ್ಟೇ ಹೋಲಿಸಿದೆ. ಕಾರ್ಯಕ್ರಮ ನಡೆದ ಕಡೆ ಸ್ವಲ್ಪ ಜಾಸ್ತಿ ಕಂಡಿತು. ಆದರೆ ಅಂಥ ಬೂತುಗಳು ಬೆರಳೆಣಿಕೆಯಷ್ಟು, ಹಾಗಾಗಿ ಅಂದಾಜಿನ ಹರವು ಸೊನ್ನೆಯ ಎರಡೂ ಕಡೆಗೆ ಚಾಚಿತ್ತು, ಅಂದರೆ ಪರಿಣಾಮವೇ ಇಲ್ಲದಿರಲೂಬಹುದು.

ವರದಿಯಲ್ಲಿ ಹಾಗೇ ಬರೆದೆ. ಕಾರ್ಯಕ್ರಮದಿಂದ ಮತದಾನ ಇಳಿಯಿತು ಎನ್ನಲು ಆಧಾರವಿಲ್ಲ. ಸ್ವಲ್ಪ ಏರಿರಬಹುದು. ಎಷ್ಟು ಎಂದು ಇಷ್ಟು ಬೂತುಗಳಿಂದ ಹೇಳಲಾಗುವುದಿಲ್ಲ. ಕೊನೆಗೆ ಒಂದು ಕೋರಿಕೆ ಸೇರಿಸಿದೆ. ಮುಂದಿನ ಸಲ ನಮ್ಮ ಗುಂಪೇ ಬೀದಿ ನಾಟಕ ಆಡಿಸುವಾಗ, ಕಡಿಮೆ ಮತದಾನದ 40 ಬೂತುಗಳ ಹೆಸರು ಚೀಟಿಯಲ್ಲಿ ಬರೆದು, ಎಲ್ಲರ ಮುಂದೆ 20 ಎತ್ತೋಣ. ಉಳಿದ 20ಕ್ಕೆ ಚುನಾವಣೆ ಮುಗಿಯುವವರೆಗೆ ನಾವು ಹೋಗುವುದು ಬೇಡ.