ಮೂರು ತಿಂಗಳು ಬೇರೆ, ತೊಂಬತ್ತು ದಿನ ಬೇರೆ

ಹಗಲು ಶಿರಸಿಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಪರೀಕ್ಷೆಗೆ ಓದುತ್ತೇನೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯ ಮೇಲೆ ಒಂದು ಮಾದರಿ ಪರೀಕ್ಷೆಯಲ್ಲಿ ಐದು ಪ್ರಶ್ನೆ ಬಂದಿದ್ದವು. ನನ್ನದು ಮೂರು ತಪ್ಪು. ಕಿರುಕುಳ ಎಂದರೇನು, ಸಮಿತಿಯಲ್ಲಿ ಯಾರಿರಬೇಕು ಅನ್ನುವುದೆಲ್ಲ ಸರಿಯಿತ್ತು. ದಿನಗಳನ್ನು ಕೇಳಿದಲ್ಲೆಲ್ಲ ಎಡವಿದ್ದೆ.

ಕಾರಣ ಸುಲಭ. ನಾನು ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ಬರೆದು ಬಾಯಿಪಾಠ ಮಾಡಿದ್ದೆ: ಏಳು, ಹತ್ತು, ಹತ್ತು, ಅರವತ್ತು, ತೊಂಬತ್ತು, ತೊಂಬತ್ತು. ಪರೀಕ್ಷೆಯಲ್ಲಿ ನಾಲ್ಕೂ ಆಯ್ಕೆಗಳು ಇದೇ ಸಾಲಿನಿಂದಲೇ ಬರುತ್ತವೆ. ಹಾಗಾಗಿ ಯಾವುದನ್ನು ನೋಡಿದರೂ ಪರಿಚಿತ ಅನ್ನಿಸುತ್ತದೆ! ಯಾವ ದಿನ ಯಾರ ಮೇಲೆ ಓಡುತ್ತದೆ, ಎಲ್ಲಿಂದ ಶುರುವಾಗುತ್ತದೆ ಅನ್ನುವುದು ನನ್ನ ತಲೆಯಲ್ಲಿ ಇರಲೇ ಇಲ್ಲ.

ಆಮೇಲೆ ಒಂದು ಕಲ್ಪಿತ ಪ್ರಕರಣ ಮಾಡಿಕೊಂಡೆ. ಗೋಡೆಯ ಕ್ಯಾಲೆಂಡರ್ ಇಳಿಸಿ, ಮೇಜಿನ ಮೇಲೆ ಹರಡಿ, ಪೆನ್ಸಿಲ್ಲಿನಿಂದ ಗುರುತು ಹಾಕಿದೆ.

ಕುಮಟಾ ಕಡೆಯ ಒಂದು ಗೇರುಬೀಜ ಕಾರ್ಖಾನೆ. 40 ಜನ ಕೆಲಸಗಾರರು, ಭಾನುವಾರ ಮಾತ್ರ ರಜೆ. 10 ಅಥವಾ ಹೆಚ್ಚು ಜನ ಇರುವುದರಿಂದ ಅಲ್ಲೇ ಆಂತರಿಕ ಸಮಿತಿ ಇರಬೇಕು. ಸೂಪರ್‌ವೈಸರ್ ಒಬ್ಬ ಜನವರಿಯಿಂದ ಒಬ್ಬಳು ಕೆಲಸಗಾರ್ತಿಗೆ ಕಿರುಕುಳ ಕೊಡುತ್ತಿದ್ದ. ಕೊನೆಯ ಘಟನೆ 2025ರ ಫೆಬ್ರವರಿ 14. ಅವಳು ದೂರು ಕೊಟ್ಟದ್ದು ಜೂನ್ 10.

ಮೊದಲ ಗಡಿಯಾರ ಅವಳದ್ದು. ಘಟನೆಗಳು ಸಾಲಾಗಿ ನಡೆದಿದ್ದರೆ ಎಣಿಕೆ ಕೊನೆಯದರಿಂದ ಶುರು, ಜನವರಿಯಿಂದಲ್ಲ. ಅವಧಿ ಮೂರು ತಿಂಗಳು, ಅಂದರೆ ಮೇ 14. ಇಲ್ಲೇ ನಾನು ಮೊದಲ ಸಲ ಸಿಕ್ಕಿಬಿದ್ದದ್ದು, ತೊಂಬತ್ತು ದಿನ ಎಂದು ಗುರುತು ಹಾಕಿ. ಫೆಬ್ರವರಿಯಲ್ಲಿ 28 ದಿನ ಇದ್ದುದರಿಂದ ತೊಂಬತ್ತನೆಯ ದಿನ ಮೇ 15ಕ್ಕೆ ಬೀಳುತ್ತದೆ. ವ್ಯತ್ಯಾಸ ಒಂದೇ ದಿನ, ನಿಜ. ಆದರೆ ಕಲಂ 9 ಹೇಳುವುದು ತಿಂಗಳನ್ನು. ‘90 ದಿನ’ ಮತ್ತು ‘3 ತಿಂಗಳು’ ಎರಡೂ ಆಯ್ಕೆಯಲ್ಲಿದ್ದರೆ ಗುರುತು ಹಾಕಬೇಕಾದ್ದು ತಿಂಗಳಿಗೇ.

ಜೂನ್ 10 ಅಂದರೆ ಮೇ 14 ದಾಟಿ ಹೋಗಿದೆ. ದೂರು ಬಿದ್ದುಹೋಯಿತೇ? ಇಲ್ಲ. ಆಕೆಗೆ ಆ ಅವಧಿಯಲ್ಲಿ ದೂರು ಕೊಡಲು ಆಗದಂಥ ಪರಿಸ್ಥಿತಿ ಇತ್ತು ಎಂದು ಸಮಿತಿಗೆ ಮನವರಿಕೆಯಾದರೆ, ಕಾರಣ ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ಬಿಡಬಹುದು. ಆಗ ಕೊನೆಯ ದಿನ ಆಗಸ್ಟ್ 14. ‘ಕಾರಣ ಬರೆದಿಟ್ಟು’ ಅನ್ನುವ ಎರಡು ಪದಗಳ ಮೇಲೇ ಪ್ರಶ್ನೆ ಕಟ್ಟುತ್ತಾರೆ. ಮಾಲೀಕರ ಒಪ್ಪಿಗೆ ಬೇಕು, ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕು ಅನ್ನುವ ಆಯ್ಕೆಗಳು ಸುಮ್ನೆ ಬಲೆ. ಆಗಸ್ಟ್ 14ರ ಆಚೆ ಸಮಿತಿಯ ಕೈಯಲ್ಲೂ ಏನಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಕೊನೆಯ ಘಟನೆ 2023ರ ಏಪ್ರಿಲ್, ದೂರು ಡಿಸೆಂಬರ್. ಆರು ತಿಂಗಳೂ ಮೀರಿದ್ದರಿಂದ ದೂರು ನಿಲ್ಲಲಿಲ್ಲ. ನಿಯಮ ಕಠಿಣ ಅನ್ನಿಸುತ್ತದೆ ನನಗೆ. ಹೆದರಿ ಬಾಯಿ ಬಿಡದವರಿಗೆ ಆರು ತಿಂಗಳು ಯಾವ ಲೆಕ್ಕ? ಅದಿರಲಿ, ಪರೀಕ್ಷೆ ಕೇಳುವುದು ನನ್ನ ಅನಿಸಿಕೆಯನ್ನಲ್ಲ.

ಎರಡನೆಯ ಗಡಿಯಾರ ಸಮಿತಿಯದ್ದು, ಅದೇ ಹೊತ್ತಿಗೆ ಆರೋಪ ಹೊತ್ತವನದ್ದೂ. ದೂರು ಆರು ಪ್ರತಿಗಳಲ್ಲಿ, ದಾಖಲೆ ಮತ್ತು ಸಾಕ್ಷಿಗಳ ಹೆಸರಿನೊಂದಿಗೆ ಬರಬೇಕು. ಅದರಲ್ಲಿ ಒಂದು ಪ್ರತಿಯನ್ನು ಸಮಿತಿ ಏಳು ಕೆಲಸದ ದಿನಗಳೊಳಗೆ ಅವನಿಗೆ ಕಳಿಸಬೇಕು. ಅವನು ಹತ್ತು ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು. ‘ಕೆಲಸದ ದಿನ’ ಅನ್ನುವುದನ್ನು ಕ್ಯಾಲೆಂಡರ್ ಇಲ್ಲದೆ ನಾನು ಎಂದೂ ಗಮನಿಸುತ್ತಿರಲಿಲ್ಲ. ಜೂನ್ 11ರಿಂದ ಎಣಿಸಿ, ಭಾನುವಾರ 15 ಬಿಟ್ಟರೆ ಏಳನೆಯ ದಿನ 18. ಪ್ರತಿ ಅಂದೇ ಅವನ ಕೈ ಸೇರಿತು ಎಂದಿಟ್ಟುಕೊಂಡು ಹತ್ತು ಎಣಿಸಿದೆ. 22 ಮತ್ತು 29 ಭಾನುವಾರ. ಹಾಗಾಗಿ ಜೂನ್ 30.

ಈ ಕಾಯಿದೆಯಲ್ಲಿ ಇನ್ನೊಂದು ‘ಹತ್ತು’ ಇದೆ, ಅದು ಕೆಲಸದ ದಿನವಲ್ಲ. ವಿಚಾರಣೆ ಮುಗಿದ ಮೇಲೆ ಸಮಿತಿ ವರದಿಯನ್ನು ಹತ್ತು ದಿನದೊಳಗೆ ಮಾಲೀಕರಿಗೆ ಕೊಡಬೇಕು. ಇದು ಬರೀ ಹತ್ತು, ಭಾನುವಾರವೂ ಸೇರಿ. ನನ್ನ ಎರಡನೆಯ ತಪ್ಪು ಇದೇ.

ವಿಚಾರಣೆಗೇ ಇರುವುದು ತೊಂಬತ್ತು ದಿನ. ಎಲ್ಲಿಂದ ಎಂದು ಆ ಉಪಕಲಂ ಬಿಡಿಸಿ ಹೇಳುವುದಿಲ್ಲ. ನಾನು ದೂರಿನ ದಿನದಿಂದಲೇ ಎಣಿಸಿ ಸೆಪ್ಟೆಂಬರ್ 8 ಎಂದು ಗುರುತು ಹಾಕಿದೆ. ಈ ಪ್ರಕರಣದಲ್ಲಿ ಸೆಪ್ಟೆಂಬರ್ 1ಕ್ಕೇ ಮುಗಿಯಿತು ಎಂದುಕೊಳ್ಳಿ. ಹಾಗಾದರೆ ವರದಿ 11ರೊಳಗೆ. ಅದೇ 11ರಂದು ಮಾಲೀಕರ ಕೈಗೆ ಸಿಕ್ಕಿದರೆ ಅವರು ಕ್ರಮ ಕೈಗೊಳ್ಳಲು ಅರವತ್ತು ದಿನ, ನವೆಂಬರ್ 10. ಒಪ್ಪದವರು ಮೇಲ್ಮನವಿ ಹಾಕಲು ಶಿಫಾರಸಿನಿಂದ ತೊಂಬತ್ತು ದಿನ, ಡಿಸೆಂಬರ್ 10. ಅರವತ್ತು ಮಾಲೀಕರದ್ದು, ಎರಡನೆಯ ತೊಂಬತ್ತು ಮೇಲ್ಮನವಿಯದ್ದು. ನನ್ನ ಮೂರನೆಯ ತಪ್ಪು ಇವನ್ನು ಅದಲು ಬದಲು ಮಾಡಿದ್ದು.

ನಾನು ಕೆಲಸ ಮಾಡುವಲ್ಲಿ ಹತ್ತು ಜನರೂ ಇಲ್ಲ. ಅಂಥ ಕಡೆಯ ದೂರು, ಅಥವಾ ಮಾಲೀಕನ ಮೇಲೇ ಇರುವ ದೂರು, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಜಿಲ್ಲಾ ಕೇಂದ್ರ ಕಾರವಾರ. ಶಿರಸಿಯಿಂದ ಘಟ್ಟ ಇಳಿದು ಅಲ್ಲಿಗೆ ಹೋಗಬೇಕೆಂದರೆ ಅರ್ಧ ದಿನವೇ ಹೋಗುತ್ತದೆ ಅಲ್ವಾ. ಅದಕ್ಕೇ ಕಾಯಿದೆ ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕು ಎನ್ನುತ್ತದೆ. ಆತ ದೂರು ತೆಗೆದುಕೊಂಡು ಏಳು ದಿನದೊಳಗೆ ಸಮಿತಿಗೆ ಮುಟ್ಟಿಸಬೇಕು. ಈ ಏಳು ಕೆಲಸದ ದಿನವಲ್ಲ. ಹತ್ತರಂತೆ ಏಳು ಕೂಡ ಎರಡು ಬಗೆ.

ನನ್ನ ಪೆನ್ಸಿಲ್ ಗುರುತುಗಳನ್ನು ಒಬ್ಬ ಅಕ್ಕನಿಗೆ ತೋರಿಸಿದೆ. ಅವರು ಒಂದು ಕಡೆ ಸಮಿತಿಯ ಹೊರಗಿನ ಸದಸ್ಯರಾಗಿ ಕೂತವರು. ಕನ್ನಡಕ ಏರಿಸಿ ಜೂನ್ 18ರ ಮೇಲೆ ಬೆರಳಿಟ್ಟರು.

“ಪ್ರತಿ ಕಳಿಸಿದ್ದು ಇವತ್ತು ಸರಿ. ಅವನಿಗೆ ಸಿಕ್ಕಿದ್ದು ಯಾವತ್ತು?”

“ಅವತ್ತೇ ಅಂತ ಹಿಡಿದಿದ್ದೆ, ಅಕ್ಕ.”

“ಹಿಡೀಬಾರದು. ಹತ್ತು ದಿನ ಓಡೋದು ಕೈಗೆ ಸಿಕ್ಕಿದ ದಿನದಿಂದ. ರಸೀದಿ ಸಹಿ ತಗೊಳ್ಳದೇ ಹೋದ್ರೆ, ‘ನನಗೆ 25ಕ್ಕೆ ಬಂತು’ ಅಂತಾನೆ. ಆಗ ನಿನ್ನ 30 ಎಲ್ಲಿ?”

ಹೌದು. ನಾನು ಬರೆದದ್ದು ಕಳಿಸಿದ ದಿನದ ಲೆಕ್ಕ. ನಿಯಮ 7ರಲ್ಲಿ ಉತ್ತರದ ಅವಧಿ ದಾಖಲೆ ಸಿಕ್ಕಿದ ದಿನದಿಂದ. ಮಾಲೀಕರ ಅರವತ್ತು ದಿನಕ್ಕೂ ಹಾಗೆಯೇ, ಅವರಿಗೆ ತಲುಪಿದ ದಿನದಿಂದ. ಅಂದರೆ ನಾನು ಹಾಕಿದ ಗುರುತುಗಳಲ್ಲಿ ಎರಡು, ರಸೀದಿ ಇಲ್ಲದಿದ್ದರೆ ಅಲ್ಲಾಡುತ್ತವೆ. ಅಂದು ರಾತ್ರಿ ಕ್ಯಾಲೆಂಡರ್ ಮತ್ತೆ ಇಳಿಸಿ, 18ರ ಪಕ್ಕ ‘ಸಹಿ?’ ಎಂದು ಬರೆದು, 30ನ್ನು ರಬ್ಬರಿನಿಂದ ಅಳಿಸಿದೆ.